‘ಕಾಲು ತೆಗೆಯುವುದು ಬೇಡ’ ಎಂದ ರೋಗಿ: ನಾಲ್ಕು ತತ್ವಗಳನ್ನು ವಾರ್ಡಿನಲ್ಲಿ ಬಳಸುವ ಬಗೆ

ಹಾವೇರಿ ಕಡೆಯ 64 ವರ್ಷದ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಬಲಗಾಲಿನ ಎರಡು ಬೆರಳು ಕಪ್ಪಾಗಿವೆ, ಪಾದದ ಮೇಲ್ಭಾಗ ಕೆಂಪಾಗಿ ಊದಿದೆ, ಕೀವು ವಾಸನೆ ಬರುತ್ತಿದೆ. ಸರ್ಜನ್ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು ಎಂದಿದ್ದಾರೆ. ರೋಗಿ ಒಪ್ಪುತ್ತಿಲ್ಲ. ಹಿರಿಯ ಮಗ ವೈದ್ಯರನ್ನು ಪಕ್ಕಕ್ಕೆ ಕರೆದು, ‘ಸಹಿ ನಾ ಮಾಡ್ತೀನ್ರಿ, ಅಪ್ಪಗ ಬರೇ ಡ್ರೆಸಿಂಗ್ ಅಂತ ಹೇಳಿ ಒಳಗ ಕರ್ಕೊಂಡ್ಹೋಗ್ರಿ’ ಎನ್ನುತ್ತಾನೆ. ಇದು ಯಾವುದೋ ಒಬ್ಬ ನಿಜವಾದ ರೋಗಿಯ ಕಥೆಯಲ್ಲ. ಸರ್ಜರಿ ವಾರ್ಡುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಉದಾಹರಣೆ. ಇಂಥ ರೋಗಿಯ ಮುಂದೆ ನಿಂತ ಕಿರಿಯ ವೈದ್ಯರಿಗೆ, ಸಿಸ್ಟರ್‌ಗಳಿಗೆ ಈ ಲೇಖನ. ರೋಗಿಯ ಮನೆಯವರೂ ಓದಬಹುದು.

ವೈದ್ಯಕೀಯ ನೀತಿಶಾಸ್ತ್ರದ ನಾಲ್ಕು ತತ್ವಗಳನ್ನು ಈಗಿನ ರೂಪದಲ್ಲಿ 1979ರಲ್ಲಿ ಮುಂದಿಟ್ಟವರು ಅಮೆರಿಕದ ಟಾಮ್ ಬೀಚಮ್ ಮತ್ತು ಜೇಮ್ಸ್ ಚಿಲ್ಡ್ರೆಸ್. ರೋಗಿಯ ಸ್ವಾಯತ್ತತೆಯನ್ನು ಗೌರವಿಸು, ಹಾನಿ ಮಾಡಬೇಡ, ಹಿತ ಮಾಡು, ನ್ಯಾಯವಾಗಿ ನಡೆದುಕೋ: ಇಷ್ಟೇ. ಪರೀಕ್ಷೆಗೆ ಬಾಯಿಪಾಠ ಮಾಡಿದವರು ವಾರ್ಡಿನಲ್ಲಿ ಎಡವುವುದು ಒಂದೇ ಜಾಗದಲ್ಲಿ. ನಾಲ್ಕನ್ನೂ ನಾಲ್ಕು ಮತಗಳಂತೆ ಎಣಿಸುತ್ತಾರೆ. ‘ಹಿತ ಎಂದರೆ ಕಾಲು ತೆಗೆಯಬೇಕು, ಹಾನಿ ತಪ್ಪಿಸಬೇಕೆಂದರೂ ತೆಗೆಯಬೇಕು, ಸ್ವಾಯತ್ತತೆ ಒಂದೇ ಬೇಡ ಅನ್ನುತ್ತದೆ, ಹಾಗಾದರೆ ಎರಡಕ್ಕೆ ಒಂದು’ ಎಂಬ ಲೆಕ್ಕ. ಈ ಲೆಕ್ಕ ತಪ್ಪು. ನಿರ್ಧರಿಸುವ ಸಾಮರ್ಥ್ಯವಿರುವ ವಯಸ್ಕ ರೋಗಿ, ವಿಷಯ ತಿಳಿದು, ಯಾರ ಒತ್ತಾಯವೂ ಇಲ್ಲದೆ ಬೇಡ ಎಂದರೆ, ಅವನ ಮೈಮೇಲೆ ಕತ್ತರಿ ಆಡಿಸಲು ಹಿತದ ತತ್ವ ಪರವಾನಗಿ ಕೊಡುವುದಿಲ್ಲ. ಹಿತದ ತತ್ವಕ್ಕೆ ಬೇರೆ ಕೆಲಸವಿದೆ. ಆ ‘ಬೇಡ’ದ ಹಿಂದೆ ಏನಿದೆ ಎಂದು ಕೂತು ಕೇಳಲು, ಬೇರೆ ದಾರಿ ಹುಡುಕಲು, ಬೇಡ ಎಂದ ಮೇಲೂ ಅವನನ್ನು ನೋಡಿಕೊಳ್ಳಲು ಅದು ವೈದ್ಯರನ್ನು ಕಟ್ಟಿಹಾಕುತ್ತದೆ. ಮುಂದಿನ ಹಂತಗಳೆಲ್ಲ ಈ ಮಾತಿನ ಬಿಡಿಸಿದ ರೂಪ.

ಹಂತ 1: ಬೇಡ ಎಂದದ್ದು ಯಾವುದನ್ನು?

ಕೇಸ್ ಶೀಟಿನಲ್ಲಿ ‘ರೋಗಿ ಚಿಕಿತ್ಸೆ ನಿರಾಕರಿಸಿದ್ದಾರೆ’ ಎಂಬ ಒಂದು ಸಾಲು ಕಂಡರೆ ಅನುಮಾನಿಸಿ. ನಮ್ಮ ರೈತ ಆಂಟಿಬಯಾಟಿಕ್ ಬೇಡ ಎಂದಿಲ್ಲ, ಇನ್ಸುಲಿನ್ ಬೇಡ ಎಂದಿಲ್ಲ, ಕೀವು ತೆಗೆದು ಗಾಯ ಸ್ವಚ್ಛ ಮಾಡುವುದನ್ನೂ ಬೇಡ ಎಂದಿಲ್ಲ. ಬೇಡ ಎಂದದ್ದು ಮೊಣಕಾಲಿನ ಕೆಳಗಿನಿಂದ ಕಾಲು ತೆಗೆಯುವುದನ್ನು ಮಾತ್ರ. ಒಂದೊಂದಾಗಿ ಕೇಳಿ, ಒಪ್ಪಿದ್ದನ್ನು ಒಂದು ಕಡೆ, ಒಪ್ಪದ್ದನ್ನು ಇನ್ನೊಂದು ಕಡೆ ಬರೆಯಿರಿ: ರಕ್ತನಾಳಕ್ಕೆ ಇಂಜೆಕ್ಷನ್, ಗಾಯ ಕೆರೆದು ಸ್ವಚ್ಛ ಮಾಡುವುದು, ಕಪ್ಪಾದ ಬೆರಳು ಮಾತ್ರ ತೆಗೆಯುವುದು, ಕಾಲಿನ ರಕ್ತನಾಳ ತೆರೆಯುವ ಪ್ರಯತ್ನ, ರಕ್ತ ಕೊಡುವುದು, ಐಸಿಯು. ಇದಕ್ಕೆ ಹತ್ತು ನಿಮಿಷ ಬೇಕು. ಎಷ್ಟೋ ಸಲ ನಿರಾಕರಣೆಯ ಅರ್ಧ ಭಾಗ ಇಲ್ಲೇ ಕರಗುತ್ತದೆ. ಈ ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಎಂದರೆ, ಒಂದನ್ನು ಬೇಡ ಎಂದವನಿಗೆ ಉಳಿದದ್ದೂ ನಿಧಾನವಾಗಿ ನಿಲ್ಲುತ್ತದೆ. ರೌಂಡ್ಸ್‌ನಲ್ಲಿ ಆ ಮಂಚದ ಮುಂದೆ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ.

ಹಂತ 2: ಈ ಹೊತ್ತಿಗೆ ತಲೆ ತಿಳಿಯಾಗಿದೆಯೇ?

ನಿರ್ಧರಿಸುವ ಸಾಮರ್ಥ್ಯ ಅನ್ನುವುದು ಒಬ್ಬ ಮನುಷ್ಯನಿಗೆ ಒಮ್ಮೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಅದು ಈ ನಿರ್ಧಾರಕ್ಕೆ, ಈ ಹೊತ್ತಿಗೆ ಸಂಬಂಧಿಸಿದ್ದು. ಸೋಂಕು ರಕ್ತಕ್ಕೆ ಏರಿದ ರೋಗಿ ಬೆಳಿಗ್ಗೆ ಚೆನ್ನಾಗಿ ಮಾತಾಡಿ ರಾತ್ರಿ ಗೊಂದಲಕ್ಕೆ ಬೀಳಬಹುದು. ಆದ್ದರಿಂದ ಮಾತಿಗೆ ಕೂರುವ ಮೊದಲು ಸರಿಮಾಡಬಹುದಾದದ್ದನ್ನು ಸರಿಮಾಡಿ. ಗ್ಲುಕೋಮೀಟರ್‌ನಲ್ಲಿ ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೊದಲು ಅದು. ತೀರಾ ಏರಿದ್ದರೂ ಮಂಪರು ಬರುತ್ತದೆ. ಜ್ವರ, ಆಮ್ಲಜನಕದ ಮಟ್ಟ, ಸೋಡಿಯಂ, ಕ್ರಿಯಾಟಿನಿನ್ ನೋಡಿ. ನೋವಿನ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯೂ ಆಗದಿದ್ದರೆ ಕಾಯಿರಿ. ಹಾಗೆಂದು ನೋವಿನಲ್ಲಿ ನರಳುವವನನ್ನು ಪ್ರಶ್ನೆ ಕೇಳುವುದೂ ಬೇಡ. ನೋವು ಇಳಿಸಿ, ಅಮಲು ಏರದಂತೆ ನೋಡಿಕೊಳ್ಳಿ. ಕನ್ನಡಕ, ಕಿವಿಯ ಯಂತ್ರ ಇದ್ದರೆ ಕೊಡಿಸಿ.

ಗೊಂದಲ ಇದೆಯೇ ಎಂದು ತಿಳಿಯಲು ಸರಳ ದಾರಿ ಎಂದರೆ ವಾರಗಳ ಹೆಸರನ್ನು ಹಿಂದುಮುಂದಾಗಿ ಹೇಳಿಸುವುದು: ಶನಿವಾರ, ಶುಕ್ರವಾರ, ಗುರುವಾರ. ಶಾಲೆಗೆ ಹೋಗದವರೂ ಇದನ್ನು ಹೇಳಬಲ್ಲರು. ನಡುವೆ ದಾರಿ ತಪ್ಪಿ ಬೇರೆ ಮಾತಿಗೆ ಜಾರಿದರೆ ಗಮನ ನಿಲ್ಲುತ್ತಿಲ್ಲ ಎಂದು ಅರ್ಥ. ರಾತ್ರಿ ಪಾಳಿಯ ಸಿಸ್ಟರ್‌ಗೂ ಕೇಳಿ. ಹಗಲಲ್ಲಿ ಶಾಂತವಾಗಿರುವವನು ರಾತ್ರಿ ಕ್ಯಾನುಲಾ ಕಿತ್ತುಹಾಕಿದ್ದು ಅವರಿಗೆ ಗೊತ್ತಿರುತ್ತದೆ. ಗೊಂದಲ ಕಂಡರೆ, ಕಾಯಿಲೆ ಕಾಯಲು ಬಿಡುವಷ್ಟು ಹೊತ್ತು ಕಾದು ಮತ್ತೆ ನೋಡಿ.

ಇನ್ನೊಂದು ಮಾತು. ಇದೇ ರೈತ ‘ಆಯ್ತ್ರಿ, ತಗೀರಿ’ ಎಂದಿದ್ದರೆ ಅವನ ಸಾಮರ್ಥ್ಯವನ್ನು ಯಾರೂ ಅಳೆಯುತ್ತಿರಲಿಲ್ಲ. ಹೂಂ ಎಂದವನು ಬುದ್ಧಿವಂತ, ಊಹೂಂ ಎಂದವನು ತಲೆ ಕೆಟ್ಟವನು ಎಂಬ ಎಣಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆ ಎಂದರೆ, ಮನೋವೈದ್ಯರಿಗೆ ಬರೆಯುವ ಚೀಟಿಗಳಲ್ಲಿ ಅದು ಎದ್ದು ಕಾಣುತ್ತದೆ. ವಯಸ್ಕನಿಗೆ ಸಾಮರ್ಥ್ಯ ಇದೆ ಎಂದೇ ಶುರುಮಾಡಬೇಕು. ಇಲ್ಲ ಎಂದು ತೋರಿಸುವ ಹೊಣೆ ಇಲ್ಲ ಎನ್ನುವವರದು.

ಹಂತ 3: ನಾಲ್ಕು ವಿಷಯ ಹೇಳಿ, ಅವನ ಬಾಯಿಂದ ಕೇಳಿ

ಏನು ಹೇಳಬೇಕು ಎಂಬುದಕ್ಕೆ ಭಾರತದಲ್ಲಿ ಸ್ಪಷ್ಟ ಆಧಾರವಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಅದನ್ನು ಬಿಡಿಸಿ ಹೇಳಿತು: ಚಿಕಿತ್ಸೆ ಏನು, ಯಾಕೆ, ಅದರಿಂದ ಏನು ಲಾಭ; ಬೇರೆ ದಾರಿಗಳು ಇದ್ದರೆ ಯಾವುವು; ಮುಖ್ಯವಾದ ಅಪಾಯಗಳು ಏನು; ಬೇಡ ಎಂದರೆ ಏನಾಗುತ್ತದೆ. ಆ ಪ್ರಕರಣದ ಸಂಗತಿಯೂ ನಮ್ಮ ಉದಾಹರಣೆಗೆ ನೇರ ಸಂಬಂಧಿಸಿದ್ದು. 44 ವರ್ಷದ ಅವಿವಾಹಿತೆ ಲ್ಯಾಪರೊಸ್ಕೋಪ್ ಮೂಲಕ ತಪಾಸಣೆಗೆ ಒಪ್ಪಿ ಅರಿವಳಿಕೆಯಲ್ಲಿದ್ದಾಗ, ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಗಿತ್ತು. ತುರ್ತು ಇರಲಿಲ್ಲ, ರೋಗಿ ಎಚ್ಚರಗೊಳ್ಳುವವರೆಗೆ ಕಾಯಬಹುದಿತ್ತು, ಸಮರ್ಥ ವಯಸ್ಕಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಗೆ ಬೆಲೆಯಿಲ್ಲ ಎಂದಿತು ನ್ಯಾಯಾಲಯ. ಶಸ್ತ್ರಕ್ರಿಯೆಯನ್ನು ವೈದ್ಯರು ರೋಗಿಯ ಹಿತಕ್ಕಾಗಿಯೇ ಮಾಡಿದ್ದರು ಎಂಬ ವಾದವೂ ಅದನ್ನು ಉಳಿಸಲಿಲ್ಲ. ‘ಸಹಿ ನಾನು ಮಾಡುತ್ತೇನೆ’ ಎನ್ನುವ ಮಗನಿಗೆ ಕೊಡಬೇಕಾದ ಉತ್ತರ ಇದೇ.

ಹೇಳುವಾಗ ಶೇಕಡಾವಾರು ಬಿಡಿ. ‘ನಿಮ್ಮಂಥ ನೂರು ಜನರಲ್ಲಿ ಇಷ್ಟು ಜನಕ್ಕೆ ಹೀಗಾಗುತ್ತದೆ’ ಎಂದರೆ ತಿಳಿಯುತ್ತದೆ. ಆ ಅಂಕಿ ನಿಮ್ಮ ಆಸ್ಪತ್ರೆಯ ಅನುಭವದ್ದಾಗಿರಲಿ. ಕಾಲು ತೆಗೆದರೆ ಏನು ಎನ್ನುವುದನ್ನೂ ಪೂರ್ತಿ ಹೇಳಿ. ಗಾಯ ಮಾಯಲು ವಾರಗಳು ಬೇಕು, ಕೃತಕ ಕಾಲು ಹಾಕಿ ನಡೆಯಲು ತಿಂಗಳುಗಳ ಅಭ್ಯಾಸ ಬೇಕು, ಮೊಣಕಾಲು ಉಳಿದರೆ ನಡೆಯುವುದು ಸುಲಭ. ಕೊನೆಯ ಮಾತು ಮುಖ್ಯ, ಯಾಕೆಂದರೆ ತಡವಾದರೆ ಮೊಣಕಾಲಿನ ಮೇಲಿಂದ ತೆಗೆಯಬೇಕಾಗಿ ಬರಬಹುದು. ಕಾಲು ಉಳಿಸಿಕೊಂಡರೆ ಏನು ಎನ್ನುವುದನ್ನೂ ಮುಚ್ಚಿಡಬೇಡಿ. ‘ತೊಂದರೆ ಆಗಬಹುದು’ ಎನ್ನುವ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಕೀವು ರಕ್ತಕ್ಕೆ ಏರಿ ಕೆಲವೇ ದಿನಗಳಲ್ಲಿ ಜೀವ ಹೋಗಬಹುದು’ ಎನ್ನಿ.

ಭಾಷೆಯ ತೊಂದರೆಯೂ ಇದೆ. ರೋಗಿ ಮನೆಯಲ್ಲಿ ಲಂಬಾಣಿಯೋ ಉರ್ದುವೋ ತುಳುವೋ ಆಡುವವನಾದರೆ ಆ ಭಾಷೆ ಬಲ್ಲ ಸಿಬ್ಬಂದಿಯನ್ನು ಕರೆಸಿ. ಮಗನನ್ನು ದುಭಾಷಿ ಮಾಡಿದರೆ ‘ಜೀವ ಹೋಗಬಹುದು’ ಎನ್ನುವುದು ನಡುವೆಯೇ ‘ಏನೂ ಆಗಲ್ಲಪ್ಪ’ ಆಗುತ್ತದೆ. ಪ್ರೀತಿಯಿಂದಲೇ ಆಗುತ್ತದೆ, ಆದರೂ ರೋಗಿಗೆ ವಿಷಯ ತಲುಪುವುದಿಲ್ಲ.

ಹಂತ 4: ಸಾಮರ್ಥ್ಯ ನೋಡುವ ಪ್ರಶ್ನೆಗಳು

ನೋಡಬೇಕಾದ್ದು ನಾಲ್ಕು. ಹೇಳಿದ್ದು ತಿಳಿಯಿತೇ, ಅದು ತನಗೇ ಅನ್ವಯಿಸುತ್ತದೆ ಎಂದು ಒಪ್ಪುತ್ತಾನೆಯೇ, ಎರಡು ದಾರಿಗಳನ್ನು ತೂಗಿ ನೋಡಬಲ್ಲನೇ, ನಿರ್ಧಾರವನ್ನು ಹೇಳಬಲ್ಲನೇ. ಪ್ರಶ್ನೆಗಳು ಹೀಗಿರಲಿ:

‘ಯಜಮಾನ್ರ, ನಾ ಹೇಳಿದ್ದನ್ನ ಮನ್ಯಾಗ ನಿಮ್ಮ ಹೆಂಡ್ತಿಗೆ ಹೆಂಗ ಹೇಳ್ತೀರಿ?’
‘ಕಾಲಿಗೆ ಏನಾಗೇತಿ ಅಂತ ನಿಮಗ ಅನಸ್ತೈತಿ?’
‘ತಗೀಲಿಲ್ಲಂದ್ರ ಮುಂದ ಏನಾಗಬಹುದು?’
‘ಬ್ಯಾಡ ಅನ್ನಾಕ ನಿಮ್ಮ ಕಾರಣ ಏನು?’

‘ತಿಳಿಯಿತೇ?’ ಎಂದು ಮಾತ್ರ ಕೇಳಬೇಡಿ. ನಮ್ಮಲ್ಲಿ ಬಿಳಿ ಕೋಟಿಗೆ ತಿಳಿಯಲಿಲ್ಲ ಎಂದು ಹೇಳುವವರು ಕಡಿಮೆ. ತಲೆಯಾಡಿಸುತ್ತಾರೆ, ಅಷ್ಟೇ.

ಹೆಚ್ಚು ಜನ ಮುಗ್ಗರಿಸುವುದು ಎರಡನೆಯದರಲ್ಲಿ. ‘ಹೌದ್ರಿ, ಗ್ಯಾಂಗ್ರೀನ್ ಆದ್ರ ಜೀವ ಹೊಕ್ಕೈತಿ, ಆದ್ರ ನನಗ ಗ್ಯಾಂಗ್ರೀನ್ ಆಗಿಲ್ಲ, ಯಾರೋ ಮಾಟ ಮಾಡ್ಯಾರ’ ಎಂದು ಕಪ್ಪಾದ ಬೆರಳನ್ನು ನೋಡಿಯೂ ಹೇಳಿದರೆ, ತಿಳಿದರೂ ತನಗೆ ಅನ್ವಯಿಸಿಕೊಳ್ಳಲು ಆಗುತ್ತಿಲ್ಲ ಎಂದು ಅನುಮಾನಿಸಬೇಕು, ಇನ್ನಷ್ಟು ಕೆದಕಬೇಕು. ಇದೇ ರೈತ ‘ಗೊತ್ತೈತ್ರಿ, ಸತ್ತರೂ ಸೈ, ಎರಡು ಕಾಲಮ್ಯಾಲ ಹೋಗ್ತೀನಿ’ ಎಂದರೆ ಅದು ಸಾಮರ್ಥ್ಯದ ಕೊರತೆಯಲ್ಲ. ನಮಗೆ ಒಪ್ಪಿಗೆಯಾಗದ ಮೌಲ್ಯ, ಅಷ್ಟೇ. ಅವನ ಕಾರಣ ನಮಗೆ ಸರಿ ಕಾಣಬೇಕು ಎಂಬ ನಿಯಮವಿಲ್ಲ.

ಇದು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಇಂಗ್ಲೆಂಡಿನ ಒಂದು ಪ್ರಕರಣ ತೋರಿಸುತ್ತದೆ. ಕಾನೂನು ವರದಿಗಳಲ್ಲಿ ರೋಗಿಗೆ ‘ಸಿ’ ಎಂದಷ್ಟೇ ಹೆಸರು. ಬ್ರಾಡ್‌ಮೂರ್ ಆಸ್ಪತ್ರೆಯಲ್ಲಿದ್ದ, ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ ಇದ್ದ 68 ವರ್ಷದವನು. ಪಾದಕ್ಕೆ ಗ್ಯಾಂಗ್ರೀನ್. ಕಾಲು ತೆಗೆಯದಿದ್ದರೆ ಬದುಕುವ ಸಾಧ್ಯತೆ ನೂರಕ್ಕೆ 15 ಎಂದು ಸರ್ಜನ್ ಅಂದಾಜು. ತಾನು ದೊಡ್ಡ ವೈದ್ಯನಾಗಿದ್ದೆ ಎಂಬ ಭ್ರಮೆಯೂ ಅವನಿಗಿತ್ತು. ಆದರೂ ಕಾಲಿನ ವಿಷಯದಲ್ಲಿ ಹೇಳಿದ್ದನ್ನು ಗ್ರಹಿಸಿ, ನಂಬಿ, ತೂಗಿ ನೋಡಿದ್ದಾನೆ ಎಂದು ನ್ಯಾಯಮೂರ್ತಿ ಥಾರ್ಪ್ 1993ರಲ್ಲಿ ತೀರ್ಮಾನಿಸಿ, ಅವನ ಲಿಖಿತ ಒಪ್ಪಿಗೆಯಿಲ್ಲದೆ ಕಾಲು ತೆಗೆಯಬಾರದೆಂದರು. ಕಾಲು ತೆಗೆಯದ ಚಿಕಿತ್ಸೆಯಿಂದಲೇ ಆತ ಬದುಕಿ ಉಳಿದ. ಆತ ಉಳಿದದ್ದರಿಂದ ತೀರ್ಪು ಸರಿಯಾಯಿತು ಎಂದು ತಿಳಿಯಬೇಡಿ. ಸತ್ತಿದ್ದರೂ ಅದು ಸರಿಯೇ. ಮಾನಸಿಕ ಕಾಯಿಲೆಯ ಹಣೆಪಟ್ಟಿ ಒಂದೇ ಸಾಮರ್ಥ್ಯವನ್ನು ಕಸಿಯುವುದಿಲ್ಲ ಎಂಬುದು ಇಲ್ಲಿನ ಪಾಠ.

ಖಿನ್ನತೆಯನ್ನು ಮಾತ್ರ ಬೇರೆಯಾಗಿ ನೋಡಬೇಕು. ‘ಕಾಲು ಹೋದಮ್ಯಾಲ ಬದುಕಿ ಏನ್ ಮಾಡ್ಲಿ’ ಎಂಬ ಮಾತು ಖಿನ್ನತೆಯಿಂದಲೂ ಬರಬಹುದು, ಹೊಲ ನಡೆಯದೆ ಬದುಕದ ರೈತನ ಸಹಜ ಲೆಕ್ಕದಿಂದಲೂ ಬರಬಹುದು. ಕಾಲು ಕೆಡುವ ಮೊದಲೇ ನಿದ್ದೆ, ಊಟ, ಆಸಕ್ತಿ ಕೆಟ್ಟಿತ್ತೇ, ಸಾಯಬೇಕು ಅನಿಸುತ್ತಿದೆಯೇ, ತಾನು ಯಾವುದಕ್ಕೂ ಬೇಡದವನು ಎನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಅನುಮಾನ ಬಂದರೆ ಮನೋವೈದ್ಯರನ್ನು ಕರೆಸಿ, ಆದರೆ ‘ಒಪ್ಪಿಸಿ ಕೊಡಿ’ ಎಂದು ಚೀಟಿ ಬರೆಯಬೇಡಿ. ‘ಈ ನಿರ್ಧಾರವನ್ನು ತೂಗಿ ನೋಡುವುದಕ್ಕೆ ಖಿನ್ನತೆ ಅಡ್ಡಿಯಾಗಿದೆಯೇ’ ಎಂಬುದು ಕೇಳಬೇಕಾದ ಪ್ರಶ್ನೆ.

ಹಂತ 5: ಕಾರಣ ಅವನದೇ? ಅಥವಾ ಖರ್ಚಿನದೇ?

ನಿರಾಕರಣೆ ಸ್ವಂತದ್ದಾಗಿರಬೇಕು. ಇದನ್ನು ತಿಳಿಯಲು ಒಂದೇ ಉಪಾಯ, ಮನೆಯವರನ್ನು ಹೊರಗೆ ಕಳಿಸಿ ಹದಿನೈದು ನಿಮಿಷ ರೋಗಿಯೊಬ್ಬನ ಜೊತೆ ಕೂರುವುದು. ಎಲ್ಲರಿಗೂ ಇದೇ ಪದ್ಧತಿ ಎಂದು ಹೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ಆಗ ಹೊರಬೀಳುವ ಕಾರಣಗಳು ಸಾಮಾನ್ಯವಾಗಿ ತತ್ವದವಲ್ಲ. ಪಕ್ಕದೂರಿನವನು ಕಾಲು ತೆಗೆಸಿಕೊಂಡು ತಿಂಗಳಲ್ಲೇ ತೀರಿಕೊಂಡ. ಹೊಲ ಅಡವಿಟ್ಟಾಗಿದೆ, ಇನ್ನು ಸಾಲ ಮಾಡಲಾರೆ. ಮಗನಿಗೆ ಭಾರವಾಗಲಾರೆ. ತೆಗೆದ ಕಾಲನ್ನು ಏನು ಮಾಡುತ್ತಾರೆ? ಕೊನೆಯ ಪ್ರಶ್ನೆಯನ್ನು ಎಷ್ಟೋ ಜನ ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ, ನಾಚಿಕೆಯಿಂದ ಕೇಳುವುದಿಲ್ಲ.

ನ್ಯಾಯದ ತತ್ವ ಬರುವುದು ಇಲ್ಲಿ. ಪುಸ್ತಕದಲ್ಲಿ ನ್ಯಾಯ ಎಂದರೆ ಐಸಿಯು ಮಂಚಗಳ ಹಂಚಿಕೆ. ವಾರ್ಡಿನಲ್ಲಿ ಅದರ ಮೊದಲ ಮುಖ ಇದು: ದುಡ್ಡಿಲ್ಲದೆ ‘ಬೇಡ’ ಎನ್ನುವವನ ಮಾತನ್ನು ಸ್ವಾಯತ್ತತೆ ಎಂದು ಗೌರವಿಸಿ ಮನೆಗೆ ಕಳಿಸಿದರೆ, ಅವನ ಬಡತನಕ್ಕೆ ನಾವು ಒಂದು ಒಳ್ಳೆಯ ಹೆಸರು ಕೊಟ್ಟಂತಾಯಿತು. ಆದ್ದರಿಂದ ಸಹಿಗೆ ಮುಂಚೆ ದುಡ್ಡಿನ ಮಾತು ಮುಗಿಸಿ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮಂಚದ ಹತ್ತಿರಕ್ಕೇ ಕರೆಸಿ, ಪಡಿತರ ಚೀಟಿ ನೋಡಿಸಿ. ಕೃತಕ ಕಾಲು ಎಲ್ಲಿ, ಎಷ್ಟಕ್ಕೆ ಸಿಗುತ್ತದೆ ಎಂದು ಸಮಾಜ ಕಾರ್ಯಕರ್ತರಿಂದ ಹೇಳಿಸಿ. ಕಾಲು ತೆಗೆಸಿಕೊಂಡು ನಡೆಯುತ್ತಿರುವ ಯಾರಾದರೂ ಒಪ್ಪಿದರೆ ಅವರೊಂದಿಗೆ ಮಾತಾಡಿಸಿ. ವೈದ್ಯರ ಹತ್ತು ಮಾತಿಗಿಂತ ಅವರ ಒಂದು ನಡಿಗೆಯ ತೂಕ ಹೆಚ್ಚು.

ಇಷ್ಟಾದ ಮೇಲೂ ಬೇಡ ಎಂದರೆ, ಆ ‘ಬೇಡ’ ಈಗ ಅವನದು.

ಹಂತ 6: ಹಿತ ಮತ್ತು ಹಾನಿಯನ್ನು ಅವನ ಗೆರೆಯೊಳಗೆ ಹುಡುಕುವುದು

ಈಗ ಹಿತದ ತತ್ವ ಕೇಳುವ ಪ್ರಶ್ನೆ ಬದಲಾಗುತ್ತದೆ. ‘ಇವನಿಗೆ ಯಾವುದು ಒಳ್ಳೆಯದು’ ಎನ್ನುವುದು ಹೋಗಿ ‘ಕಾಲು ತೆಗೆಯದೆ ಇವನಿಗೆ ಏನೇನು ಮಾಡಬಹುದು’ ಎನ್ನುವುದು ಬರುತ್ತದೆ. ಮೊದಲು ರೋಗನಿರ್ಣಯವನ್ನೇ ಇನ್ನೊಮ್ಮೆ ನೋಡಿ. ಒಣ ಗ್ಯಾಂಗ್ರೀನ್ ಆಗಿದ್ದರೆ, ಅಂದರೆ ಬೆರಳು ಕಪ್ಪಾಗಿ ಒಣಗಿ, ಸುತ್ತ ಸೋಂಕು ಇಲ್ಲದಿದ್ದರೆ, ಕಾಯಲು ಸಮಯವಿದೆ. ನಮ್ಮ ರೈತನದು ಹಸಿ ಗ್ಯಾಂಗ್ರೀನ್, ಅಲ್ಲಿ ಗಂಟೆಗಳ ಲೆಕ್ಕ. ಚರ್ಮದಡಿ ಒತ್ತಿದಾಗ ಚರಚರ ಎಂದರೆ ಗಾಳಿ ತುಂಬಿದೆ, ಇನ್ನೂ ತುರ್ತು. ರಕ್ತನಾಳದ ತಜ್ಞರು ಒಮ್ಮೆ ನೋಡಿದ್ದಾರೆಯೇ? ಸಕ್ಕರೆ ಕಾಯಿಲೆಯವರ ರಕ್ತನಾಳ ಗಟ್ಟಿಯಾಗಿರುವುದರಿಂದ ಕಣಕಾಲಿನಲ್ಲಿ ಅಳೆದ ರಕ್ತದೊತ್ತಡ ಸುಳ್ಳು ಹೇಳುತ್ತದೆ, ಇದ್ದದ್ದಕ್ಕಿಂತ ಚೆನ್ನಾಗಿ ತೋರುತ್ತದೆ. ಕಾಲಿನ ಹೆಬ್ಬೆರಳಿನಲ್ಲಿ ಅಳೆಯಬೇಕು. ಅಲ್ಲಿ 30ಕ್ಕಿಂತ ಕಡಿಮೆ ಇದ್ದರೆ, ರಕ್ತನಾಳ ತೆರೆಯದೆ ಗಾಯ ಮಾಯುವ ಆಸೆ ಕಡಿಮೆ. ಎರಡನೇ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು. ಕೇಳಿದ್ದಕ್ಕೆ ಮುನಿಸಿಕೊಳ್ಳುವುದು ಬೇಡ.

ನಂತರ ಅವಧಿ ಕಟ್ಟಿದ ಒಪ್ಪಂದ. ನಮ್ಮ ಉದಾಹರಣೆಯಲ್ಲಿ ಅದು ಹೀಗಿರಬಹುದು: ಈ ರಾತ್ರಿಯೇ ಕೀವು ತೆಗೆದು ಸತ್ತ ಮಾಂಸ ಸ್ವಚ್ಛ ಮಾಡುವುದು, ಕಪ್ಪಾದ ಎರಡು ಬೆರಳು ತೆಗೆಯುವುದು, ರಕ್ತನಾಳದ ಮೂಲಕ ಆಂಟಿಬಯಾಟಿಕ್, ಮೂರು ದಿನ. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ತಾರೀಖು, ಹೊತ್ತು ಬರೆಯಿರಿ. ಕೆಂಪು ಗೆರೆ ದಾಟಿದರೆ, ಜ್ವರ ಇಳಿಯದಿದ್ದರೆ, ಮೂತ್ರ ಕಡಿಮೆಯಾದರೆ ಮತ್ತೆ ಕೂತು ಮಾತಾಡೋಣ ಎಂದು ಮೊದಲೇ ಒಪ್ಪಿಕೊಳ್ಳಿ. ರೋಗಿಗೆ ಆ ಗೆರೆ ಕಾಣುತ್ತದೆ, ತಾನೇ ನೋಡಬಹುದು. ಒಂದು ಎಚ್ಚರಿಕೆ ಇದೆ. ಬೆರಳು ತೆಗೆಯಲು ಕೊಟ್ಟ ಒಪ್ಪಿಗೆಯಲ್ಲಿ ‘ಅಗತ್ಯವೆನಿಸಿದರೆ ಮುಂದಿನ ಶಸ್ತ್ರಕ್ರಿಯೆ’ ಎಂಬ ಅಚ್ಚಾದ ಸಾಲಿದ್ದರೆ ಅದನ್ನು ಹೊಡೆದುಹಾಕಿ, ‘ಕಾಲು ತೆಗೆಯಲು ಒಪ್ಪಿಲ್ಲ’ ಎಂದು ಕೈಯಲ್ಲಿ ಬರೆಯಿರಿ. ಅರಿವಳಿಕೆ ವೈದ್ಯರಿಗೂ ಹೇಳಿ.

ಮನವೊಲಿಸಬಹುದೇ? ಖಂಡಿತ, ಮನವೊಲಿಸಲೇಬೇಕು. ‘ನನ್ನ ತಂದೆಯಾಗಿದ್ದರೂ ಇದನ್ನೇ ಹೇಳುತ್ತಿದ್ದೆ’ ಎನ್ನುವುದು ಮನವೊಲಿಕೆ. ‘ಒಪ್ಪದಿದ್ದರೆ ನಾಳೆ ಮಂಚ ಖಾಲಿ ಮಾಡಿ’ ಎನ್ನುವುದು ಬೆದರಿಕೆ. ಅಂಕಿಯನ್ನು ಹಿಗ್ಗಿಸಿ ಹೇಳುವುದು ಮೋಸ. ಮಗ ಹೇಳಿದ ಡ್ರೆಸಿಂಗ್ ಉಪಾಯ ಮೋಸದಲ್ಲೂ ಕೆಟ್ಟದ್ದು, ಯಾಕೆಂದರೆ ಅರಿವಳಿಕೆಯಿಂದ ಎದ್ದವನು ಕಾಲಿಲ್ಲದ್ದನ್ನು ನೋಡುತ್ತಾನೆ, ಆಮೇಲೆ ಆ ಆಸ್ಪತ್ರೆಯ ಯಾರ ಮಾತನ್ನೂ ನಂಬುವುದಿಲ್ಲ. ಹಾನಿ ಮಾಡಬೇಡ ಎಂಬ ತತ್ವವನ್ನು ಕಾಲು ತೆಗೆಯುವ ಪರವಾಗಿ ಎಳೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಸ್ತ್ರಕ್ರಿಯೆಯ ನಂತರದ ಯಶಸ್ಸು ಪೂರ್ತಿ ರೋಗಿಯ ಸಹಕಾರದ ಮೇಲೆ ನಿಂತಿದೆ. ಉಳಿದ ಕಾಲಿಗೆ ಪಟ್ಟಿ ಸುತ್ತುವುದು, ಮೊಣಕಾಲು ಮಡಚಿಕೊಂಡು ಗಟ್ಟಿಯಾಗದಂತೆ ವ್ಯಾಯಾಮ, ಕೃತಕ ಕಾಲಿನ ಅಭ್ಯಾಸ, ಇನ್ನೊಂದು ಕಾಲಿನ ಕಾಳಜಿ. ಒಪ್ಪದೆ ಕಾಲು ಕಳೆದುಕೊಂಡವನು ಇದನ್ನೆಲ್ಲ ಯಾರಿಗಾಗಿ ಮಾಡಬೇಕು?

ಹಂತ 7: ಬರೆದಿಡುವುದು

‘ಲಾಮಾ’ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಿತು ಎಂಬ ಭಾವನೆ ವ್ಯಾಪಕ. ಅದು ವೈದ್ಯರ ಸಲಹೆ ಮೀರಿ ಆಸ್ಪತ್ರೆ ಬಿಟ್ಟು ಹೋಗುವವರ ಕಾಗದ. ನಮ್ಮ ರೈತ ಎಲ್ಲಿಗೂ ಹೋಗುತ್ತಿಲ್ಲ, ಒಂದು ಶಸ್ತ್ರಕ್ರಿಯೆ ಬೇಡ ಎಂದಿದ್ದಾನೆ. ‘ಏನಾದರೂ ಆದರೆ ಆಸ್ಪತ್ರೆ ಹೊಣೆಯಲ್ಲ’ ಎಂಬ ಒಂದು ಸಾಲಿಗೆ ಹೆಬ್ಬೆಟ್ಟು ಒತ್ತಿಸಿದರೆ, ಅವನಿಗೆ ಏನು ಹೇಳಲಾಗಿತ್ತು ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಬರೆಯಬೇಕಾದ ಮಾದರಿ ಇದು:

‘ತಾರೀಖು, ಹೊತ್ತು. ರೋಗಿ ಎಚ್ಚರವಾಗಿದ್ದಾರೆ, ವಾರಗಳನ್ನು ಹಿಂದುಮುಂದಾಗಿ ಸರಿಯಾಗಿ ಹೇಳಿದರು, ಸಕ್ಕರೆ 168. ಮೊಣಕಾಲಿನ ಕೆಳಗೆ ಕಾಲು ತೆಗೆಯುವುದರ ಉದ್ದೇಶ, ಅಪಾಯ, ಬೇರೆ ದಾರಿ, ಒಪ್ಪದಿದ್ದರೆ ಸಾವಿನ ಸಾಧ್ಯತೆ, ತಡವಾದರೆ ಮೊಣಕಾಲಿನ ಮೇಲೆ ತೆಗೆಯಬೇಕಾಗಬಹುದು ಎಂಬುದನ್ನು ಕನ್ನಡದಲ್ಲಿ ವಿವರಿಸಲಾಯಿತು. ರೋಗಿ ತಮ್ಮ ಮಾತಿನಲ್ಲಿ: “ತಗೀಲಿಲ್ಲಂದ್ರ ನಂಜು ಮೈಗೆ ಏರಿ ಸಾಯಬಹುದು, ಗೊತ್ತೈತಿ. ಆದ್ರೂ ಕಾಲು ಬ್ಯಾಡ.” ಕಾರಣ: ನಡೆಯಲಾಗದೆ ಬದುಕುವುದು ಬೇಡ. ಮನೆಯವರಿಲ್ಲದಾಗಲೂ ಇದನ್ನೇ ಹೇಳಿದರು. ಒಪ್ಪಿದ್ದು: ಆಂಟಿಬಯಾಟಿಕ್, ಇನ್ಸುಲಿನ್, ಗಾಯ ಸ್ವಚ್ಛತೆ, ಎರಡು ಬೆರಳು ತೆಗೆಯುವುದು, ನೋವಿನ ಔಷಧಿ. ಒಪ್ಪದ್ದು: ಕಾಲು ತೆಗೆಯುವುದು, ಪ್ರಜ್ಞೆ ತಪ್ಪಿದರೂ ಸಹ. ನಾಳೆ ಬೆಳಿಗ್ಗೆ ಮತ್ತೆ ಮಾತು.’

ಕೆಳಗೆ ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ಹೆಬ್ಬೆಟ್ಟಾದರೆ ಓದಿ ಹೇಳಿದವರ ಹೆಸರು, ವೈದ್ಯರ ಸಹಿ, ಚಿಕಿತ್ಸಾ ತಂಡದವರಲ್ಲದ ಒಬ್ಬ ಸಾಕ್ಷಿಯ ಸಹಿ. ರೋಗಿ ಸಹಿ ಹಾಕಲು ಒಪ್ಪದಿದ್ದರೆ ಅದನ್ನೂ ಬರೆಯಿರಿ. ಸಹಿ ಇಲ್ಲ ಎಂದ ಮಾತ್ರಕ್ಕೆ ನಿರಾಕರಣೆ ಬಿದ್ದುಹೋಗುವುದಿಲ್ಲ.

ಹಂತ 8: ಪ್ರಜ್ಞೆ ತಪ್ಪಿದರೆ

ಮೂರನೆಯ ರಾತ್ರಿ ಜ್ವರ ಏರಿ ರೈತನಿಗೆ ಪ್ರಜ್ಞೆ ತಪ್ಪಿತು ಎನ್ನಿ. ಮಗ ಬಂದು, ‘ಈಗ ಅವರಿಗೆ ತಿಳಿವಳಿಕೆ ಇಲ್ಲ, ನಾನೇ ಒಪ್ಪುತ್ತೀನಿ, ತೆಗೆಯಿರಿ’ ಎನ್ನುತ್ತಾನೆ. ಕೆಲವು ಕಡೆ ಇದಕ್ಕಾಗಿಯೇ ಕಾಯುತ್ತಾರೆ ಎನ್ನುವುದು ಸುಳ್ಳಲ್ಲ. ಆದರೆ ಅವನು ಇದೇ ಸಂದರ್ಭವನ್ನು ಮುಂದಾಗಿಯೇ ಕೇಳಿ, ತಿಳಿದು, ಆಗಲೂ ಬೇಡ ಎಂದಿದ್ದರೆ ಆ ಮಾತು ಪ್ರಜ್ಞೆಯೊಂದಿಗೆ ಹೋಗುವುದಿಲ್ಲ. ಮಾದರಿಯಲ್ಲಿ ‘ಪ್ರಜ್ಞೆ ತಪ್ಪಿದರೂ ಸಹ’ ಎಂಬ ಮೂರು ಪದ ಯಾಕೆ ಬೇಕಿತ್ತು ಎಂಬುದು ಇಲ್ಲಿ ತಿಳಿಯುತ್ತದೆ. ಒಪ್ಪಿಗೆ ಇಲ್ಲದೆಯೂ ಸದುದ್ದೇಶದಿಂದ ಚಿಕಿತ್ಸೆ ಕೊಟ್ಟವರಿಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು (ಹಿಂದಿನ ದಂಡ ಸಂಹಿತೆಯ 92) ರಕ್ಷಣೆ ಕೊಡುತ್ತದೆ. ಅದು ಇರುವುದು ಒಪ್ಪಿಗೆ ಹೇಳಲು ಸಾಧ್ಯವೇ ಇಲ್ಲದ ಸಂದರ್ಭಕ್ಕೆ, ಅಂದರೆ ಅಪಘಾತದಲ್ಲಿ ಪ್ರಜ್ಞೆಯಿಲ್ಲದೆ ಬಂದವನಂಥವರಿಗೆ. ಮೊದಲೇ ಸ್ಪಷ್ಟವಾಗಿ ಬೇಡ ಎಂದವನ ಮೇಲೆ ಅದನ್ನು ಚಾಚುವುದು ಆ ಕಲಮಿನ ಉದ್ದೇಶಕ್ಕೆ ಹೊಂದುವುದಿಲ್ಲ.

ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ, ತಿಳಿದು ನಿರ್ಧರಿಸಬಲ್ಲ ವಯಸ್ಕನಿಗೆ ಜೀವ ಉಳಿಸುವ ಚಿಕಿತ್ಸೆಯನ್ನೂ ಬೇಡ ಎನ್ನುವ ಹಕ್ಕಿದೆ ಎಂದಿತು. ಅದೇ ತೀರ್ಪಿನಿಂದ ಬಂದ ಮುಂಗಡ ನಿರ್ದೇಶನ, ಅಂದರೆ ಲಿವಿಂಗ್ ವಿಲ್, 2023ರ ಜನವರಿಯ ತಿದ್ದುಪಡಿಯ ನಂತರ ಸುಲಭವಾಗಿದೆ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿತು. ಎರಡನ್ನೂ ಕಲಸಬೇಡಿ. ಮುಂಗಡ ನಿರ್ದೇಶನ, ವೈದ್ಯಕೀಯ ಮಂಡಳಿಗಳ ವ್ಯವಸ್ಥೆ ಇರುವುದು ಚೇತರಿಕೆಯ ಆಸೆಯಿಲ್ಲದ, ಮಾತಾಡಲಾಗದ ರೋಗಿಯ ಚಿಕಿತ್ಸೆ ನಿಲ್ಲಿಸುವುದಕ್ಕೆ. ಎದುರಿಗೆ ಕೂತು ಬೇಡ ಎನ್ನುವ ರೋಗಿಗೆ ಮಂಡಳಿಯ ಅನುಮತಿ ಬೇಕಿಲ್ಲ, ನೋಟರಿಯೂ ಬೇಕಿಲ್ಲ.

ಮಗ ಜಗಳಕ್ಕೆ ನಿಂತರೆ ಏನು? ನಿಲ್ಲುತ್ತಾನೆ. ಅದಕ್ಕೇ ರೋಗಿಗೆ ಎಚ್ಚರವಿದ್ದಾಗಲೇ, ಅವನ ಅನುಮತಿ ಪಡೆದು, ಮಗನ ಎದುರು ಅವನ ಬಾಯಿಂದಲೇ ಇದನ್ನು ಒಮ್ಮೆ ಹೇಳಿಸಿರಬೇಕು. ಹೇಳಿಸಿಲ್ಲದಿದ್ದರೆ, ವಿಭಾಗದ ಮುಖ್ಯಸ್ಥರು ಮತ್ತು ವೈದ್ಯಕೀಯ ಅಧೀಕ್ಷಕರನ್ನು ಆ ರಾತ್ರಿಯೇ ಕರೆಸಿ ಕೇಸ್ ಶೀಟ್ ತೋರಿಸಿ. ಒಬ್ಬ ಕಿರಿಯ ವೈದ್ಯ ಒಂಟಿಯಾಗಿ ಹೊರುವ ಭಾರವಲ್ಲ ಇದು. ಅಪ್ಪನಿಗೆ ನೋವಾಗದಂತೆ, ಉಸಿರು ಕಟ್ಟದಂತೆ ಏನೇನು ಮಾಡುತ್ತಿದ್ದೀರಿ ಎಂದು ಮಗನಿಗೆ ಒಂದೊಂದಾಗಿ ತೋರಿಸಿ. ‘ಏನೂ ಮಾಡ್ತಿಲ್ಲ’ ಎಂಬ ಕೂಗಿಗೆ ಹೆಚ್ಚಾಗಿ ಕಾರಣ, ಮಾಡುತ್ತಿರುವುದು ಕಾಣದಿರುವುದು.

ಈ ಹಂತಗಳು ಅನ್ವಯಿಸದ ಕಡೆ

18 ತುಂಬದವರ ವಿಷಯ ಬೇರೆ. ಆತ್ಮಹತ್ಯೆಗೆ ಯತ್ನಿಸಿ ಬಂದವರ ನಿರಾಕರಣೆಯನ್ನು ಇದೇ ಸಲೀಸಿನಲ್ಲಿ ಒಪ್ಪುವಂತಿಲ್ಲ, ಮನೋವೈದ್ಯರ ಜೊತೆಗೇ ನೋಡಬೇಕು. ಸೋಂಕು ಇತರರಿಗೆ ಹರಡುವ ಕಾಯಿಲೆಯಾದರೆ ನ್ಯಾಯದ ತತ್ವದ ತೂಕ ಏರುತ್ತದೆ, ಪ್ರತ್ಯೇಕವಾಗಿ ಇಡುವುದಕ್ಕೆ ಕಾನೂನಿನ ಬಲವೂ ಇರುತ್ತದೆ. ರೋಗಿಗೆ ಬೇಡ ಎನ್ನುವ ಹಕ್ಕಿದೆ ಎಂದರೆ ಬೇಕೆಂದದ್ದನ್ನೆಲ್ಲ ಕೊಡಿಸಿಕೊಳ್ಳುವ ಹಕ್ಕಿದೆ ಎಂದಲ್ಲ. ಪ್ರಯೋಜನವಿಲ್ಲದ ಚಿಕಿತ್ಸೆ ಕೊಡಲು ವೈದ್ಯರು ಬದ್ಧರಲ್ಲ.

ಮನಸ್ಸು ಬದಲಾದರೆ

ಬದಲಾಗುತ್ತದೆ, ನಾವು ಎಣಿಸಿದ್ದಕ್ಕಿಂತ ಹೆಚ್ಚು ಸಲ. ಆದ್ದರಿಂದ ದಿನಕ್ಕೊಮ್ಮೆಯಾದರೂ, ಗಾಯ ಬಿಚ್ಚಿದ ಹೊತ್ತಿಗೆ, ಒತ್ತಾಯವಿಲ್ಲದ ಧ್ವನಿಯಲ್ಲಿ ‘ಇವತ್ತು ಹೆಂಗ ಅನಸ್ತೈತ್ರಿ?’ ಎಂದು ಕೇಳಿ. ದಿನಕ್ಕೆ ಆರು ಜನ ಬಂದು ಕೇಳಿದರೆ ಅದು ಕಿರುಕುಳ. ಕೇಳುವವರು ಯಾರು ಎಂದು ತಂಡದಲ್ಲಿ ಒಬ್ಬರನ್ನು ಗೊತ್ತುಮಾಡಿ. ನಾಲ್ಕನೆಯ ದಿನ ಅವನು ‘ಆಯ್ತ್ರಿ’ ಎಂದರೆ ‘ಮೊದಲೇ ಹೇಳಿದ್ದೆವಲ್ಲ’ ಎನ್ನುವ ಮಾತು ಬಾಯಿಗೆ ಬರುತ್ತದೆ, ನುಂಗಿಕೊಳ್ಳಿ. ಹಳೆಯ ಒಪ್ಪಿಗೆ ಪತ್ರ ತೆಗೆದು ತಾರೀಖು ತಿದ್ದಬೇಡಿ. ಈಗ ಕಾಲು ತೆಗೆಯುವ ಮಟ್ಟ ಬದಲಾಗಿರಬಹುದು, ಮೂತ್ರಪಿಂಡ ಸೋತಿರಬಹುದು, ಅರಿವಳಿಕೆಯ ಅಪಾಯ ಏರಿರಬಹುದು. ಮೊಣಕಾಲು ಈಗ ಉಳಿಯುತ್ತದೋ ಇಲ್ಲವೋ ಎಂಬುದನ್ನು ಸಹಿಗೆ ಮುಂಚೆ ಹೇಳಿ, ಮೂರನೆಯ ಮತ್ತು ನಾಲ್ಕನೆಯ ಹಂತಗಳನ್ನು ಮತ್ತೆ ಮಾಡಿ, ಹೊಸ ಕಾಗದದಲ್ಲಿ ಹೊಸ ಒಪ್ಪಿಗೆ ಪಡೆಯಿರಿ.